ಜಾಯಿನಿಂಗ್ ಡೇಟು ಸ್ವಲ್ಪ ಮುಂದಕ್ಕೆ

ಕೆಲಸದ ಆಫರ್ ಲೆಟರ್ ಮನೆಗೆ ಬಂದಾಗ ಮೊದಲು ಓದುವುದು ಸಂಬಳದ ಸಾಲು. ವರ್ಷದ ಲೆಕ್ಕವನ್ನು ಹನ್ನೆರಡರಿಂದ ಭಾಗಿಸಿ, ಕೈಗೆ ಅಷ್ಟು ಬರುವುದಿಲ್ಲ ಎಂದು ಯಾರೋ ಒಬ್ಬರು ಹೇಳಿ, ಅವರನ್ನು ಎಲ್ಲರೂ ದುರುಗುಟ್ಟಿ ನೋಡಿ ಆದಮೇಲೆ, ಕಾಗದದ ಪ್ರಿಂಟ್ ದೇವರ ಮುಂದೆ ಹೋಗುತ್ತದೆ. ಅದರ ಫೋಟೋ ನೆಂಟರ ವಾಟ್ಸ್ಯಾಪ್ ಗುಂಪಿಗೆ ಹೋಗುತ್ತದೆ. ಸೇರಬೇಕಾದ ತಾರೀಖನ್ನು ಓದುವುದು ಇದೆಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಅಭ್ಯರ್ಥಿ ಪೋರ್ಟಲ್‌ನಲ್ಲಿ 'ಅಕ್ಸೆಪ್ಟ್' ಒತ್ತಿ ಆಗಿರುತ್ತದೆ. ಆಗ ಗೋಡೆಯ ಕ್ಯಾಲೆಂಡರ್ ಕಡೆ ಒಂದು ನೋಟ ಹೋಗುತ್ತದೆ. ಆ ತಾರೀಖಿನಂದೇ ಪರೀಕ್ಷೆ, ಇಲ್ಲವೇ ಅಕ್ಕನ ಮದುವೆ.

ಈ ನೋಟ ಬೀರಿದವರ ಪತ್ರಗಳನ್ನು ಓದುವುದೇ ನನ್ನ ಕಸುಬಾಗಿತ್ತು. ಪೀಣ್ಯದ ಒಂದು ಕಾರ್ಖಾನೆಯ ಪರ್ಸನಲ್ ವಿಭಾಗದಲ್ಲಿ ಶುರುಮಾಡಿ, ಅದೇ ಕೆಲಸಕ್ಕೆ ಎಚ್‌ಆರ್ ಎಂಬ ಹೆಸರು ಬಂದಮೇಲೆ ವೈಟ್‌ಫೀಲ್ಡ್ ಕಡೆಯ ಗಾಜಿನ ಕಟ್ಟಡವೊಂದರಲ್ಲಿ ಮುಗಿಸಿದವನು ನಾನು. ಕಾರ್ಖಾನೆಯಲ್ಲಿ ಇನ್‌ಲ್ಯಾಂಡ್ ಲೆಟರ್‌ನಲ್ಲಿ ಬರುತ್ತಿದ್ದ ಕೋರಿಕೆ ಆಮೇಲೆ ಮೇಲ್‌ನಲ್ಲಿ ಬರತೊಡಗಿತು, ಅಷ್ಟೇ ವ್ಯತ್ಯಾಸ. ಒಕ್ಕಣೆ ಬದಲಾಗಲಿಲ್ಲ. ಕೆಲವರದು ಪ್ರಾರ್ಥನೆ: ತಾವು ದಯಾಳುಗಳು, ತಮ್ಮ ಸಂಸ್ಥೆ ಸಾಗರದಂಥದ್ದು, ಎಂದು ಎರಡು ಪ್ಯಾರಾ ಹೊಗಳಿ, ಎಷ್ಟು ದಿನ ಬೇಕು ಎನ್ನುವುದನ್ನೇ ಮರೆತಿರುತ್ತಾರೆ. ಕೆಲವರದು ಸೂಚನೆ: ನನಗೆ ಆಗುವುದಿಲ್ಲ, ಮುಂದಿನ ತಿಂಗಳು ಬರುತ್ತೇನೆ, 'ಕೈಂಡ್ಲಿ ಡು ದ ನೀಡ್‌ಫುಲ್'. ಇನ್ನು ಕೆಲವರದು ಕಾದಂಬರಿ. ಅಪ್ಪನ ಮಂಡಿ ನೋವು, ತೋಟದ ಬೋರ್‌ವೆಲ್, ತಮ್ಮನ ಸಿಇಟಿ ಎಲ್ಲ ಬಂದು, ಕೊನೆಗೆ ಕಾರಣ ಯಾವುದು ಎಂದು ನಾವೇ ಆರಿಸಿಕೊಳ್ಳಬೇಕು.

ಅಜ್ಜಿಯರ ವಿಷಯ ಹೇಳಲೇಬೇಕು. ಇಸ್ಕೂಲಿನಲ್ಲಿ ರಜಾ ಚೀಟಿಗಾಗಿ ಒಮ್ಮೆ ತೀರಿಕೊಂಡ ಅಜ್ಜಿಯರು ಉದ್ಯೋಗಕ್ಕೆ ಸೇರುವ ಹೊತ್ತಿಗೆ ಇನ್ನೊಮ್ಮೆ ತೀರಿಕೊಳ್ಳುತ್ತಾರೆ. ಮೇಲ್ ಕಡತದಲ್ಲಿ ಉಳಿಯುತ್ತದೆ ಎಂಬುದು ಹುಡುಗರಿಗೆ ಹೊಳೆಯುವುದಿಲ್ಲ. ಆರು ತಿಂಗಳಿಗೆ ನಿಜವಾದ ಸಾವು ಮನೆಯಲ್ಲಾದಾಗ ಅಂಥ ಒಬ್ಬ ಹುಡುಗ ರಜೆ ಕೇಳಲು ನಾಚಿಕೊಂಡು ನಿಂತಿದ್ದನ್ನು ಕಂಡಿದ್ದೇನೆ. ಇದ್ದ ಕಾರಣ ಹೇಳಿದ್ದರೆ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಪರೀಕ್ಷೆ ಎಂಬ ಕಾರಣದಲ್ಲಿ ಮುಚ್ಚಿಡುವಂಥದ್ದಾದರೂ ಏನಿದೆ?

ಆ ಮೇಲ್ ಹೋಗಿ ಬೀಳುವ ಜಾಗ ಹೇಗಿರುತ್ತದೆ ಎಂದು ಗೊತ್ತಿದ್ದರೆ ಬರೆಯುವ ಕೈ ಇಷ್ಟು ನಡುಗುವುದಿಲ್ಲ. ಅಲ್ಲಿ ದಯೆ ತೋರಲು ಸಿಂಹಾಸನದ ಮೇಲೆ ಯಾರೂ ಕೂತಿರುವುದಿಲ್ಲ. ಇಪ್ಪತ್ತಾರು ವರ್ಷದ ಒಬ್ಬ ಹುಡುಗಿ ಒಂದು ಎಕ್ಸೆಲ್ ಹಾಳೆ ತೆರೆದುಕೊಂಡು ಕೂತಿರುತ್ತಾಳೆ. ಹಾಳೆಯಲ್ಲಿ ಬರುವ ಸೋಮವಾರ ಸೇರುವವರ ಹೆಸರು, ಅವರವರ ಲ್ಯಾಪ್‌ಟಾಪ್, ಗುರುತಿನ ಚೀಟಿ, ಹಿನ್ನೆಲೆ ಪರಿಶೀಲನೆ ಮುಗಿದಿದೆಯೋ ಇಲ್ಲವೋ ಎಂಬ ಕಾಲಂ. ದೊಡ್ಡ ಕಂಪನಿಗಳು ಹೊಸಬರನ್ನು ಗುಂಪಾಗಿ, ಸಾಮಾನ್ಯವಾಗಿ ಸೋಮವಾರವೇ ಸೇರಿಸಿಕೊಳ್ಳುತ್ತವೆ. ಪ್ರಾಸ್ತಾವಿಕ ತರಬೇತಿಯನ್ನು ಒಬ್ಬೊಬ್ಬರಿಗೆ ಬೇರೆ ಬೇರೆ ಕೊಡಲಾಗುವುದಿಲ್ಲವಲ್ಲ. ತಿಂಗಳ ಸಂಬಳದ ಪಟ್ಟಿ ಬಹಳ ಕಡೆ ಇಪ್ಪತ್ತರಿಂದ ಇಪ್ಪತ್ತೈದನೇ ತಾರೀಖಿನೊಳಗೆ ಮುಚ್ಚಿಹೋಗುತ್ತದೆ. ಅದರ ನಂತರ ಸೇರಿದವರ ಆ ತಿಂಗಳ ಬಿಡಿ ದಿನಗಳ ಸಂಬಳ ಮುಂದಿನ ತಿಂಗಳಿಗೆ ಬಾಕಿಯಾಗಿ ಹೋಗುತ್ತದೆ. ಹೀಗಾಗಿ ಆ ಹುಡುಗಿಗೆ ಬೇಕಾದದ್ದು ನಿಮ್ಮ ಕಷ್ಟದ ಕಥೆಯಲ್ಲ. ಒಂದು ಸಾಲಿನಿಂದ ನಿಮ್ಮ ಹೆಸರು ತೆಗೆದು ಇನ್ನೊಂದು ಸಾಲಿಗೆ ಹಾಕಲು ಒಂದು ತಾರೀಖು, ಮೇಲಿನವರು ಕೇಳಿದರೆ ತೋರಿಸಲು ಒಂದು ಕಾಗದ, ಮತ್ತು ನೀವು ಆ ದಿನ ಬಂದೇ ಬರುತ್ತೀರಿ ಎಂಬ ಭರವಸೆ. 'ಎರಡು ಮೂರು ವಾರ ಟೈಮ್ ಕೊಡಿ' ಎಂದು ಬರೆದರೆ ಅವಳ ಹಾಳೆಯಲ್ಲಿ ತುಂಬಲು ಅಂಥ ಕಾಲಂ ಇಲ್ಲ.

ಸೋಮವಾರ ಎಂದಾಗ ನೆನಪಾಯಿತು. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಕಂಪನಿಗಳು ಹೊಸಬರಿಗೆ ಬರಹೇಳುವುದು ಸಾಮಾನ್ಯವಾಗಿ ಒಂಬತ್ತಕ್ಕೋ ಒಂಬತ್ತೂವರೆಗೋ. ಅಮೆರಿಕದ ಮುಖ್ಯ ಕಚೇರಿಯವರು ಒಂಟಿಕೊಪ್ಪಲ್ ಪಂಚಾಂಗ ತರಿಸಿಕೊಂಡು ನೋಡುತ್ತಾರೋ ಎಂದು ನನಗೆ ಎಷ್ಟೋ ಸಲ ಅನುಮಾನ ಬಂದದ್ದುಂಟು.

ಪಂಚಾಂಗ ಗಟ್ಟಿಯಾಗಿ ನಡುವೆ ಬಂದದ್ದು ನಮ್ಮ ಪಕ್ಕದ ಮನೆಯ ಹುಡುಗಿಯ ವಿಷಯದಲ್ಲಿ. 2025ರ ಮಾತು. ಎಂಕಾಂ ನಾಲ್ಕನೇ ಸೆಮಿಸ್ಟರ್. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಸೇರುವ ದಿನ ಸೆಪ್ಟೆಂಬರ್ 1, ಸೋಮವಾರ. ಜುಲೈಯಲ್ಲಿ ಒಪ್ಪಿ ಸಹಿ ಮಾಡುವಾಗ ಪರೀಕ್ಷೆ ಆಗಸ್ಟ್‌ನಲ್ಲೇ ಮುಗಿಯುತ್ತದೆ ಎಂದು ಕಾಲೇಜಿನಲ್ಲಿ ಹೇಳಿದ್ದರು. ವಿಶ್ವವಿದ್ಯಾಲಯಗಳ ವೇಳಾಪಟ್ಟಿಯ ಬಗ್ಗೆ ಗೊತ್ತಿದ್ದವರು ಇಂಥ ಮಾತಿಗೆ ಸುಮ್ಮನೆ ತಲೆಯಾಡಿಸುತ್ತಾರೆ. ಕೊನೆಗೆ ಟೈಂಟೇಬಲ್ ಬಂದಾಗ ಕೊನೆಯ ಪತ್ರಿಕೆ ಸೆಪ್ಟೆಂಬರ್ 12ಕ್ಕೆ ಬಿದ್ದಿತ್ತು, ಅದಾದ ಮುಂದಿನ ವಾರ ಪ್ರಾಜೆಕ್ಟ್ ವೈವಾ. ಹುಡುಗಿ ಹದಿನೈದು ದಿನ ಯಾರಿಗೂ ಹೇಳದೆ ಕೂತಿದ್ದಳು. ಟೈಂಟೇಬಲ್ ಬದಲಾದರೂ ಆಗಬಹುದು ಎಂಬ ಆಸೆ ಒಂದು. ಕೇಳಿದರೆ ಕೆಲಸವನ್ನೇ ಕಿತ್ತುಕೊಂಡಾರು ಎಂಬ ಹೆದರಿಕೆ ಇನ್ನೊಂದು. ಆಟೋದವರ ಹತ್ತಿರ ಹತ್ತು ರೂಪಾಯಿಗೆ ಜಗ್ಗಾಡುವ ಹುಡುಗಿ!

"ಅಂಕಲ್, ಕೇಳಿದ್ರೆ ಆಫರ್ ಕ್ಯಾನ್ಸಲ್ ಮಾಡ್ಬಿಡ್ತಾರಾ?"

ಇದಕ್ಕೆ 'ಛೆ, ಇಲ್ಲಮ್ಮ' ಎಂದುಬಿಡುವುದು ಸುಲಭ, ಆದರೆ ಅದು ನಿಜವಲ್ಲ. ಸಹಿ ಮಾಡುವ ಮುಂಚೆ ತಾರೀಖಿನ ಬಗ್ಗೆ ಕೇಳುವುದು ಮಾತುಕತೆಯ ಒಂದು ಭಾಗ. ಸಹಿಯಾದ ಮೇಲೆ ಆ ತಾರೀಖು ಕರಾರಿನ ಒಂದು ಷರತ್ತು. 1872ರ ಕಾಂಟ್ರಾಕ್ಟ್ ಕಾಯ್ದೆಯೇ ನಮ್ಮಲ್ಲಿ ಇಂದಿಗೂ ನಡೆಯುವುದು. ಯಾರಿಗೆ ಮಾತು ಕೊಟ್ಟಿದ್ದೇವೋ ಅವರು ಮಾತು ನಡೆಸುವ ಕಾಲವನ್ನು ಮುಂದಕ್ಕೆ ಹಾಕಬಹುದು ಎನ್ನುತ್ತದೆ ಅದರ 63ನೇ ಕಲಂ. ಮುಂದಕ್ಕೆ ಹಾಕುವ ಅಧಿಕಾರ ಅವರದು, ಕೇಳುವ ಸ್ವಾತಂತ್ರ್ಯ ನಮ್ಮದು. ಸಾಲದ್ದಕ್ಕೆ ಬಹುತೇಕ ಆಫರ್ ಲೆಟರ್‌ಗಳ ಕೊನೆಯ ಪುಟದಲ್ಲಿ, ಈ ದಿನ ಬಾರದಿದ್ದರೆ ಈ ಪತ್ರ ತಾನಾಗಿಯೇ ರದ್ದಾದಂತೆ ಎಂಬ ಸಾಲು ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಬಿಟ್ಟುಹೋದವರ ಜಾಗಕ್ಕೆ ತುರ್ತಾಗಿ ತೆಗೆದುಕೊಂಡದ್ದಾದರೆ, ಗ್ರಾಹಕರ ಕೆಲಸ ಇಂಥ ದಿನವೇ ಶುರುವಾಗಬೇಕೆಂದಿದ್ದರೆ, ಆಗುವುದಿಲ್ಲ ಎನ್ನಲೂಬಹುದು. ಹೊಸ ಪದವೀಧರರ ಗುಂಪಿನಲ್ಲಿ ಹಾಗೆನ್ನುವುದು ಅಪರೂಪ.

ಆದರೆ ಅವಳ ಕೈಯಲ್ಲೊಂದು ಒಳ್ಳೆಯ ಎಲೆ ಇತ್ತು, ಅದು ಅವಳಿಗೇ ಗೊತ್ತಿರಲಿಲ್ಲ. ಆಫರ್ ಲೆಟರ್‌ನ ಎರಡನೇ ಪುಟ ತೆಗೆಸಿದೆ. ಸ್ನಾತಕೋತ್ತರ ಪದವಿಯನ್ನು ಬಾಕಿ ವಿಷಯಗಳಿಲ್ಲದೆ ಪೂರೈಸಿರಬೇಕು, ಇಲ್ಲದಿದ್ದರೆ ನೇಮಕ ಊರ್ಜಿತವಲ್ಲ ಎಂದು ಅಲ್ಲೇ ಇತ್ತು. ಅಂದರೆ ಪರೀಕ್ಷೆ ಬರೆಯುವುದು ಕಂಪನಿಯೇ ಹಾಕಿದ ಷರತ್ತು. ಸೆಪ್ಟೆಂಬರ್ 1ರಂದು ಸೇರಿ ಪರೀಕ್ಷೆ ತಪ್ಪಿಸಿಕೊಂಡರೆ ಆಗ ನಿಜಕ್ಕೂ ಕೆಲಸ ಹೋಗುತ್ತದೆ. ಪರೀಕ್ಷೆಯ ಕಾರಣಕ್ಕೆ ಕೇಳುವವರು ಕೈಮುಗಿದು ನಿಲ್ಲಬೇಕಾಗಿಲ್ಲ. 'ನಿಮ್ಮ ಪತ್ರದ ಇಂಥ ಷರತ್ತನ್ನು ಪೂರೈಸಲು ನನಗೆ ಇಷ್ಟು ದಿನ ಬೇಕು' ಎಂದರೆ ಸಾಕು.

ಇನ್ನು ಎಷ್ಟು ದಿನ? ಇಲ್ಲಿ ಅವಳ ಅಮ್ಮ ಬಂದರು, ಕೈಯಲ್ಲಿ ಪಂಚಾಂಗ. ಸೆಪ್ಟೆಂಬರ್ 8ರಿಂದ ಪಿತೃಪಕ್ಷ, ಹೊಸ ಕೆಲಸದ ಮಾತೇ ಬೇಡ. 21ಕ್ಕೆ ಮಹಾಲಯ ಅಮಾವಾಸ್ಯೆ. 22 ಸೋಮವಾರ, ನವರಾತ್ರಿಯ ಪಾಡ್ಯ. "ಅವತ್ತೇ ಸೇರ್ಲಿ, ದೇವ್ರೇ ಇಟ್ಟಿರೋ ದಿನ" ಎಂದರು. ಇನ್ನೂ ಒಳ್ಳೆಯದೆಂದರೆ ವಿಜಯದಶಮಿ ಎಂದೂ ಸೇರಿಸಿದರು. ವಿಜಯದಶಮಿ ಆ ವರ್ಷ ಅಕ್ಟೋಬರ್ 2ಕ್ಕೆ, ಗಾಂಧಿ ಜಯಂತಿಯ ದಿನವೇ ಬಂದಿತ್ತು. ಅವತ್ತು ಸೇರಲು ಹೋದರೆ ಬಾಗಿಲಲ್ಲಿ ಸೆಕ್ಯೂರಿಟಿಯವರು ಮಾತ್ರ ಸಿಗುತ್ತಾರೆ ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ.

ಸೆಪ್ಟೆಂಬರ್ 22 ನನಗೂ ಹಿಡಿಸಲಿಲ್ಲ, ಬೇರೆ ಕಾರಣಕ್ಕೆ. ಟೈಂಟೇಬಲ್‌ನಲ್ಲಿ ಪತ್ರಿಕೆಗಳ ದಿನ ಅಚ್ಚಾಗಿತ್ತು, ವೈವಾಕ್ಕೆ 'ಮುಂದಿನ ವಾರ' ಎಂದು ಮಾತ್ರ ಇತ್ತು. ವೈವಾಕ್ಕೆ ಹೊರಗಿನ ಪರೀಕ್ಷಕರು ಬರಬೇಕು. ಅವರಿಗೆ ಇನ್ನೊಂದು ಕಾಲೇಜಿನಲ್ಲಿ ಕೆಲಸವಿದ್ದರೆ ಅದು ಇನ್ನೂ ಒಂದು ವಾರ ಮುಂದಕ್ಕೆ ಹೋಗುತ್ತದೆ. ತಾರೀಖು ಬದಲಾಯಿಸಿ ಎಂದು ಒಂದು ಸಲ ಕೇಳಿದರೆ ಅದು ಕೋರಿಕೆ. ಎರಡನೇ ಸಲ ಕೇಳಿದರೆ, ಈ ಹುಡುಗಿ ಬೇರೆ ಕಂಪನಿಯ ಉತ್ತರಕ್ಕೆ ಕಾಯುತ್ತಿದ್ದಾಳೆ ಎಂದು ಆ ಎಕ್ಸೆಲ್ ಹಾಳೆಯವಳು ತೀರ್ಮಾನಿಸುತ್ತಾಳೆ. ನಾನೂ ಆ ಕುರ್ಚಿಯಲ್ಲಿದ್ದಾಗ ಹಾಗೇ ತೀರ್ಮಾನಿಸುತ್ತಿದ್ದೆ. ಆದ್ದರಿಂದ ಕೇಳುವಾಗಲೇ ವೈವಾ ಜಾರುವ ಒಂದು ವಾರವನ್ನೂ ಒಳಗೆ ಹಾಕಿಕೊಂಡು ಕೇಳಬೇಕು. ಸೆಪ್ಟೆಂಬರ್ 29, ಸೋಮವಾರ. ಅದೂ ನವರಾತ್ರಿಯೊಳಗೇ ಬರುತ್ತದೆ ಎಂದಮೇಲೆ ಅಮ್ಮನ ಮುಖ ಸ್ವಲ್ಪ ಸಡಿಲವಾಯಿತು.

ಅವಳು ಬರೆದಿಟ್ಟುಕೊಂಡಿದ್ದ ಮೇಲ್ ಮೊಬೈಲ್‌ನಲ್ಲಿ ಮೂರು ಸಲ ಸರಿಸಿದರೂ ಮುಗಿಯುತ್ತಿರಲಿಲ್ಲ. ಅದರಲ್ಲಿ ಕ್ಷಮೆ ನಾಲ್ಕು ಕಡೆ ಇತ್ತು, ತಾರೀಖು ಒಂದು ಕಡೆಯೂ ಇರಲಿಲ್ಲ. ಕೂತು ಉಳಿಸಿಕೊಂಡದ್ದು ಇಷ್ಟು. ಸೆಪ್ಟೆಂಬರ್ 1ರಂದು ಸೇರಲು ನಾನು ಒಪ್ಪಿದ್ದೆ, ಆ ನಂತರ ಬಂದ ವೇಳಾಪಟ್ಟಿಯ ಪ್ರಕಾರ ನನ್ನ ಕೊನೆಯ ಪತ್ರಿಕೆ 12ರಂದು, ವೈವಾ ಅದರ ಮುಂದಿನ ವಾರ, ವೇಳಾಪಟ್ಟಿ ಲಗತ್ತಿಸಿದ್ದೇನೆ. ಪದವಿ ಪೂರೈಸಬೇಕೆಂಬ ನಿಮ್ಮ ಷರತ್ತಿನಂತೆ ಇವನ್ನು ಮುಗಿಸಿ ಸೆಪ್ಟೆಂಬರ್ 29, ಸೋಮವಾರ ಸೇರಲು ಅನುಮತಿ ಕೋರುತ್ತೇನೆ. ಆ ದಿನ ನಿಮಗೆ ಅನುಕೂಲವಿಲ್ಲದಿದ್ದರೆ ಅದಕ್ಕೆ ಹತ್ತಿರದ ಬೇರೆ ದಿನ ತಿಳಿಸಿ. ಒಪ್ಪಿಗೆಯಾದರೆ ಬದಲಾದ ತಾರೀಖಿನ ಪತ್ರ ಕಳಿಸಿಕೊಡಿ. ಬೇರೆ ಯಾವ ಷರತ್ತಿನಲ್ಲೂ ಬದಲಾವಣೆ ಕೇಳುತ್ತಿಲ್ಲ. ಮೇಲ್ ಕಳಿಸಿ, ಹಿಂದೆಯೇ ಒಂದು ಫೋನ್ ಮಾಡು ಎಂದೆ. ಮೇಲ್ ಕಡತಕ್ಕೆ, ಫೋನ್ ಮನುಷ್ಯರಿಗೆ.

ಫೋನಿನಲ್ಲಿ ಉತ್ತರ ಅವತ್ತೇ ಸಿಕ್ಕಿತು. "ಪರೀಕ್ಷೇನಾ? ಆಯ್ತು, ಅದಕ್ಕೇನಂತೆ" ಎಂದರಂತೆ ಆ ಕಡೆಯವರು. ಹದಿನೈದು ದಿನ ನಿದ್ದೆಗೆಟ್ಟದ್ದಕ್ಕೆ ಬಂದ ಉತ್ತರ ಇಷ್ಟೇ ಎಂದು ಹುಡುಗಿಗೆ ಸ್ವಲ್ಪ ಅವಮಾನವೇ ಆಯಿತು. ಆದರೆ ಒಂದು ತಿದ್ದುಪಡಿ ಇತ್ತು. ಆ ವಾರ ಬುಧವಾರ ಆಯುಧಪೂಜೆ, ಗುರುವಾರ ವಿಜಯದಶಮಿ. ಎರಡು ರಜೆಯ ವಾರದಲ್ಲಿ ಹೊಸಬರ ಗುಂಪು ಸೇರಿಸುವುದಿಲ್ಲ. ಅಕ್ಟೋಬರ್ 6ಕ್ಕೆ ಬನ್ನಿ ಎಂದರು. ಇನ್ನೊಂದು ವಾರ ಸಿಕ್ಕಿತು ಎಂದು ಮನೆಯವರೆಲ್ಲ ಖುಷಿಪಟ್ಟರು. ಮೈಸೂರಿನ ದಸರೆ ನೋಡಿಕೊಂಡೇ ಹೋಗಬಹುದಲ್ಲ!

ನಾನು ಮತ್ತೆ ಆ ಕಾಗದ ತೆಗೆಸಿದೆ. ಮುದುಕರಿಗೆ ಇನ್ನೊಬ್ಬರ ಖುಷಿಯ ನಡುವೆ ಸಣ್ಣಕ್ಷರ ಓದುವ ಚಟವಿರುತ್ತದೆ. ವಾರ್ಷಿಕ ಸಂಬಳ ಏರಿಕೆ ಏಪ್ರಿಲ್‌ನಲ್ಲಿ. ಹಿಂದಿನ ಸೆಪ್ಟೆಂಬರ್ 30ರೊಳಗೆ ಸೇರಿದವರು ಮಾತ್ರ ಅದಕ್ಕೆ ಅರ್ಹರು ಎಂದಿತ್ತು. ಇಂಥ ಗೆರೆ ಬಹಳ ಕಂಪನಿಗಳಲ್ಲಿ ಇರುತ್ತದೆ, ತಾರೀಖು ಬೇರೆ ಬೇರೆ. ಅಕ್ಟೋಬರ್ 6ಕ್ಕೆ ಸೇರಿದರೆ ಮೊದಲ ಏರಿಕೆಗೆ ಇನ್ನೊಂದು ವರ್ಷ, ಅಂದರೆ ಅದರ ಮುಂದಿನ ಏಪ್ರಿಲ್‌ವರೆಗೆ ಕಾಯಬೇಕು. ಒಂದು ವಾರದ ದಸರೆಗೆ ಒಂದು ವರ್ಷದ ಏರಿಕೆ ದುಬಾರಿಯಾಯಿತು. ಅವಳು ಮತ್ತೆ ಫೋನ್ ಮಾಡಿ, ಇದು ಎರಡನೇ ಕೋರಿಕೆಯಲ್ಲ, ಮೊದಲು ಕೇಳಿದ 29ನ್ನೇ ಕೊಡಲು ಸಾಧ್ಯವೇ ಎಂದು ವಿಚಾರಿಸಿದಳು. ಕಾಗದದ ಮೇಲೆ 29ಕ್ಕೆ ಸೇರಿ, ಎರಡು ದಿನ ಅಕೌಂಟ್ಸ್‌ನವರ ಜೊತೆ ಕೂತು, ತರಬೇತಿಗೆ 6ರ ಗುಂಪಿನ ಜೊತೆ ಹೋಗುವುದು ಎಂದು ತೀರ್ಮಾನವಾಯಿತು. ಸೇರುವ ದಿನ ಎಂದರೆ ಬರೀ ಕ್ಯಾಲೆಂಡರಿನ ಚೌಕವಲ್ಲ. ಏರಿಕೆ, ಸೇವಾ ಹಿರಿತನ, ಗ್ರಾಚ್ಯುಟಿಯ ವರ್ಷಗಳು, ಜಾಯಿನಿಂಗ್ ಬೋನಸ್ ಇದ್ದರೆ ಅದು, ಎಲ್ಲ ಅಲ್ಲಿಂದಲೇ ಎಣಿಕೆ. ಮುಂದಕ್ಕೆ ತಳ್ಳುವ ಮುಂಚೆ ಯಾವ ಗೆರೆ ದಾಟುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು.

ಇಷ್ಟಕ್ಕೇ ಮುಗಿಯಲಿಲ್ಲ. ಆಗಸ್ಟ್ 30ರ ಶನಿವಾರ ಹುಡುಗಿ ಓಡಿ ಬಂದಳು. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಮೂಲ ದಾಖಲೆಗಳೊಂದಿಗೆ ಬನ್ನಿ, ನಿಮಗೆ ಸ್ವಾಗತ ಎಂದು ಮೆಸೇಜು. ಫೋನಿನಲ್ಲಿ ಒಪ್ಪಿದವರು ಪೋರ್ಟಲ್‌ನಲ್ಲಿ ತಾರೀಖು ತಿದ್ದಿರಲಿಲ್ಲ. ಪೋರ್ಟಲ್‌ಗೆ ಫೋನ್ ಕೇಳಿಸುವುದಿಲ್ಲ. ಸೋಮವಾರ ಸಂಜೆಗೆ ಅದು ಅವಳನ್ನು ಬಾರದವರ ಪಟ್ಟಿಗೆ ಸೇರಿಸುತ್ತದೆ, ಆ ಪಟ್ಟಿ ನೋಡಿ ಇನ್ಯಾರೋ ಆಫರ್ ಮುಚ್ಚುತ್ತಾರೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲದೆ ಕೆಲಸ ಹೋಗುವುದು ಹೀಗೆ. ಅವತ್ತೇ ಹಳೆಯ ಮೇಲ್‌ಗೆ ಉತ್ತರವಾಗಿ, ಬದಲಾದ ತಾರೀಖಿನ ಪತ್ರ ಇನ್ನೂ ಬಂದಿಲ್ಲ, ಪೋರ್ಟಲ್ ಹಳೆಯ ದಿನವನ್ನೇ ತೋರಿಸುತ್ತಿದೆ ಎಂದು ಬರೆಸಿದೆ. ಸೋಮವಾರ ಬೆಳಗ್ಗೆ ಎಂಟೂಮುಕ್ಕಾಲಿಗೆ, ರಾಹುಕಾಲ ಇನ್ನೂ ಕಾಲು ಗಂಟೆ ಬಾಕಿಯಿರುವಾಗ, ಹೊಸ ತಾರೀಖಿನ ಪತ್ರ ಬಂತು. ವೈವಾ ನಿಜವಾಗಿಯೂ ಜಾರಿ 24ಕ್ಕೆ ಹೋಯಿತು. 22ನ್ನು ಕೇಳಿದ್ದರೆ ಎರಡನೇ ಮೇಲ್ ಬರೆಯಬೇಕಾಗುತ್ತಿತ್ತು.

ಮದುವೆಯ ವಿಷಯ ಬೇರೆ. ಪರೀಕ್ಷೆಯನ್ನು ವಿಶ್ವವಿದ್ಯಾಲಯ ಇಟ್ಟದ್ದು, ನಮ್ಮ ಕೈಯಲ್ಲಿಲ್ಲ. ಮದುವೆಗೆ ದಿನ ಇಡುವವರು ನಾವೇ, ಛತ್ರ ಸಿಕ್ಕ ದಿನಕ್ಕೆ ಮುಹೂರ್ತ ಹೊಂದಿಸುವವರೂ ನಾವೇ ಎಂದು ಎಚ್‌ಆರ್‌ನವರಿಗೂ ಗೊತ್ತು, ಅವರ ಮನೆಯಲ್ಲೂ ಮದುವೆಗಳಾಗುತ್ತವೆ. ಇಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು, ಇದಕ್ಕೆ ತಾರೀಖು ತಳ್ಳಬೇಕೋ, ರಜೆ ಸಾಕೋ ಎಂದು. ಸೇರಿದ ಎರಡನೇ ವಾರದಲ್ಲಿ ಅಕ್ಕನ ಮದುವೆಯಿದ್ದರೆ, ಸೇರುವ ಮುಂಚೆಯೇ ಮೇಲ್‌ನಲ್ಲಿ ತಿಳಿಸಿ ನಾಲ್ಕು ದಿನದ ರಜೆಗೆ ಒಪ್ಪಿಗೆ ಪಡೆದು, ಹೇಳಿದ ದಿನವೇ ಸೇರಿಬಿಡುವುದು ಮೇಲು. ಹೊಸಬರ ಲೆಕ್ಕದಲ್ಲಿ ರಜೆ ಇರುವುದಿಲ್ಲವಾದ್ದರಿಂದ ಆ ನಾಲ್ಕು ದಿನದ ಸಂಬಳ ಹೋಗಬಹುದು, ಹೋಗಲಿ. ಸೇರುವ ದಿನವೇ ಧಾರೆಯಿದ್ದರೆ, ಇಲ್ಲವೇ ಮನೆಯವರ ಆಪರೇಷನ್ ಆಗಿ ನೋಡಿಕೊಳ್ಳಲು ಬೇರೆ ಯಾರೂ ಇಲ್ಲದಿದ್ದರೆ ಆಗ ತಾರೀಖು ತಳ್ಳಲು ಕೇಳಬೇಕು. ಅದಕ್ಕೂ ಲಗ್ನಪತ್ರಿಕೆಯೋ ಆಸ್ಪತ್ರೆಯ ಚೀಟಿಯೋ ಕೇಳಿದರೆ ಕೊಡಲು ಸಿದ್ಧವಿರಬೇಕು. ರೋಗದ ವಿವರಣೆ ಬೇಡ. ಒಂದು ಸಾಲು ಸಾಕು.

ಸರ್ಕಾರಿ ಕೆಲಸವಾದರೆ ಇಷ್ಟು ಮಾತೂ ಬೇಕಿಲ್ಲ, ಅದಕ್ಕೆ ನಿಯಮವೇ ಇದೆ. ರಾಜ್ಯದ 1977ರ ಸಾಮಾನ್ಯ ನೇಮಕಾತಿ ನಿಯಮಗಳಲ್ಲಿ ನೇರ ನೇಮಕಾತಿಯವರು ಹದಿನೈದು ದಿನದೊಳಗೆ ಹುದ್ದೆಯ ಪ್ರಭಾರ ವಹಿಸಿಕೊಳ್ಳಬೇಕು. ಸರಿಯಾದ ಕಾರಣ ತೋರಿಸಿ ಅರ್ಜಿ ಕೊಟ್ಟರೆ ನೇಮಕಾತಿ ಪ್ರಾಧಿಕಾರ ಲಿಖಿತ ಆದೇಶದಲ್ಲಿ ಇನ್ನಷ್ಟು ಕಾಲ ಕೊಡಬಹುದು. ಆಗಲೂ ಬಾರದವರ ಹೆಸರು ಆಯ್ಕೆ ಪಟ್ಟಿಯಿಂದಲೇ ಹೋಗುತ್ತದೆ. ಅಲ್ಲಿನ ಗುಮಾಸ್ತರು 'ನೋಡೋಣ ಬಿಡಿ, ನಾನಿದ್ದೀನಿ' ಎಂದು ಬಾಯಲ್ಲಿ ಹೇಳಿದ್ದನ್ನು ನಂಬಿ ಊರಿಗೆ ಹೋಗುವಂತಿಲ್ಲ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಇಟ್ಟುಕೊಂಡು, ಆದೇಶ ಬರುವವರೆಗೆ ಅಲ್ಲೇ ಓಡಾಡಬೇಕು.

ಇಷ್ಟೆಲ್ಲ ಕೇಳಿ, ತಾರೀಖು ತಳ್ಳುವುದು ದೊಡ್ಡ ಅಪರಾಧ ಎಂದು ಯಾರೂ ತಿಳಿಯಬಾರದು. ಕಂಪನಿಗಳು ಈ ವಿಷಯದಲ್ಲಿ ನಮಗಿಂತ ಪಳಗಿದ ಕೈ. 2022ರಲ್ಲಿ ಆಫರ್ ಕೊಟ್ಟ ಐಟಿ ಕಂಪನಿಗಳು ಎಷ್ಟೋ ಹುಡುಗರನ್ನು ಒಂದು ವರ್ಷಕ್ಕೂ ಮೇಲೆ, ಕೆಲವರನ್ನು ಎರಡು ವರ್ಷ ಕಾಯಿಸಿದ್ದು ಪತ್ರಿಕೆಗಳಲ್ಲೆಲ್ಲ ಬಂದದ್ದೇ. ಆ ಹುಡುಗರಿಗೆ ಬಂದ ಎಷ್ಟೋ ಮೇಲ್‌ಗಳಲ್ಲಿ ತಾರೀಖು ಇರುತ್ತಿರಲಿಲ್ಲ, ಸರಿಯಾದ ಕಾರಣವೂ ಇರುತ್ತಿರಲಿಲ್ಲ. ಎರಡನ್ನೂ ಬರೆದು ಕೇಳುವ ನೀವು ಆ ಕಂಪನಿಗಳಿಗಿಂತ ಒಂದು ಕೈ ಮೇಲು.

ಆದ್ದರಿಂದ ಮನೆಯಲ್ಲಿ ಆಫರ್ ಬಂದವರಿದ್ದರೆ ಅವರಿಗೆ ಹೇಳಿ: ಸಾಧ್ಯವಾದರೆ ಸಹಿಗೆ ಮುಂಚೆ, ಇಲ್ಲದಿದ್ದರೆ ಟೈಂಟೇಬಲ್ ಬಂದ ದಿನವೇ ಕೇಳಲಿ, ಒಂದೇ ಸಲ, ಒಂದೇ ತಾರೀಖು ಹೇಳಿ ಕೇಳಲಿ. ಹೊಸ ತಾರೀಖಿನ ಕಾಗದ ಕೈಗೆ ಬರುವವರೆಗೆ ಹಳೆಯ ತಾರೀಖೇ ಊರ್ಜಿತ ಎಂದು ತಿಳಿದಿರಲಿ. ಅಲ್ಲಿಯವರೆಗೆ ಪಿಜಿಗೆ ಅಡ್ವಾನ್ಸ್ ಕೊಡುವುದು ಬೇಡ.